ಪದ ಪರಿಚಯ: ಎಐ ಚಿತ್ರದ ಕ್ಲಿಯರೆನ್ಸ್

ಒಂದು ಚಿತ್ರವನ್ನು ವ್ಯಾಪಾರಕ್ಕೆ ಬಳಸುವ ಮುಂಚೆ, ಅದರಲ್ಲಿ ಬೇರೆಯವರ ಹಕ್ಕಿಗೆ ಸೇರಿದ್ದು ಏನಾದರೂ ಇದೆಯಾ ಎಂದು ನೋಡಬೇಕು. ಇದ್ದರೆ ತೆಗೆಯಬೇಕು, ಇಲ್ಲವೇ ಒಪ್ಪಿಗೆ ಪಡೆಯಬೇಕು. ನೋಡಿದ್ದಕ್ಕೆ ದಾಖಲೆಯನ್ನೂ ಇಟ್ಟುಕೊಳ್ಳಬೇಕು. ಈ ಇಡೀ ಕೆಲಸಕ್ಕೆ ಜಾಹೀರಾತಿನವರು ಕ್ಲಿಯರೆನ್ಸ್ ಎನ್ನುತ್ತಾರೆ. ಫೋಟೋ ಆದರೆ ಕ್ಯಾಮೆರಾ ಮುಂದೆ ನಿಂತವರು ಯಾರು ಎಂದು ಗೊತ್ತಿರುತ್ತದೆ, ಅವರಿಂದ ಸಹಿ ತಗೊಳ್ಳಬಹುದು. ಎಐ ಚಿತ್ರದಲ್ಲಿ ಯಾರೂ ನಿಂತಿರುವುದಿಲ್ಲ, ಅದಕ್ಕೇ ಕ್ಲಿಯರೆನ್ಸ್ ಬೇಕಿಲ್ಲ ಎಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಆದರೆ ಯಾರೂ ನಿಂತಿಲ್ಲದ ಚಿತ್ರದಲ್ಲೂ ಯಾರದೋ ಮುಖ ಬಂದಿರಬಹುದು.

ಒಂದು ಉದಾಹರಣೆ ಹಿಡಿದು ನೋಡೋಣ. ಬಾಗಲಕೋಟೆಯ ಸೀರೆ ಅಂಗಡಿಯೊಂದು ದೀಪಾವಳಿಗೆ ಫ್ಲೆಕ್ಸ್ ಮಾಡಿಕೊಡಲು ಬೆಳಗಾವಿಯ ಡಿಸೈನರ್ ಒಬ್ಬರಿಗೆ ಹೇಳಿದೆ ಎಂದುಕೊಳ್ಳಿ. ಡಿಸೈನರ್ ಎಐನಲ್ಲಿ ಚಿತ್ರ ಮಾಡಿಸಿದ್ದಾರೆ. ಇಳಕಲ್ ಸೀರೆ ಉಟ್ಟ ಯುವತಿ, ಕೈಯಲ್ಲಿ ಮೊಬೈಲ್, ಹಿಂದೆ ಪೇಟೆ ಬೀದಿ, ಪಕ್ಕದಲ್ಲೊಂದು ಬೈಕ್. ಚಿತ್ರ ಚೆಂದ ಬಂದಿದೆ. ಕೊಟ್ಟ ಸೂಚನೆಯಲ್ಲಿ ಯಾವ ನಟಿಯ ಹೆಸರೂ ಇಲ್ಲ.

ಮೊದಲು ಮುಖ. ಸೂಚನೆಯಲ್ಲಿ ಹೆಸರಿಲ್ಲದಿದ್ದರೆ ಸಾಕು ಅಲ್ವಾ? ಸಾಲದು. 2012ರಲ್ಲಿ ದೆಹಲಿ ಹೈಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಇಂಥ ಊರಿನ ಅಂಗಡಿಗೆ ಸಂಬಂಧಿಸಿದ್ದೇ. ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ತನಿಷ್ಕ್ ಜಾಹೀರಾತನ್ನು ಮುಜಫ್ಫರ್‌ನಗರದ ಆಭರಣದಂಗಡಿಯೊಂದು ತನ್ನ ಹೋರ್ಡಿಂಗ್‌ಗೆ ಬಳಸಿಕೊಂಡಿತ್ತು. ತೀರ್ಪು ಅಂಗಡಿಯ ವಿರುದ್ಧ ಬಂತು. ಅಲ್ಲಿ ನ್ಯಾಯಾಲಯ ಮುಖ್ಯವಾಗಿ ನೋಡಿದ್ದು ಆ ವ್ಯಕ್ತಿಯನ್ನು ಜನ ಗುರುತಿಸುತ್ತಾರಾ ಎಂಬುದನ್ನು. 2023ರಲ್ಲಿ ಅನಿಲ್ ಕಪೂರ್ ಅವರಿಗೆ ಅದೇ ಕೋರ್ಟ್ ಕೊಟ್ಟ ತಡೆ ಆದೇಶದಲ್ಲಿ ಎಐ ಬಳಸಿ ಅವರ ರೂಪ, ದನಿ ಸೃಷ್ಟಿಸುವುದೂ ಸೇರಿತ್ತು. ಅಂದರೆ ಹೋರ್ಡಿಂಗ್ ನೋಡಿದವರಿಗೆ ಏನು ಅನ್ನಿಸುತ್ತದೆ ಎಂಬುದೇ ಇಲ್ಲಿ ಮುಖ್ಯ. ನೀವು ಏನು ಟೈಪ್ ಮಾಡಿದಿರಿ ಎಂಬುದು ಆಮೇಲಿನ ಮಾತು.

ಹಾಗಾಗಿ ಪರೀಕ್ಷೆಯನ್ನೂ ನೋಡುವವರ ಕಣ್ಣಿನಿಂದಲೇ ಮಾಡಬೇಕು. ಮುಖವನ್ನಷ್ಟೇ ಕತ್ತರಿಸಿ, ಚಿತ್ರ ಹಾಕಿ ಹುಡುಕುವ ಸೇವೆಗಳಾದ ಗೂಗಲ್ ಲೆನ್ಸ್‌ನಲ್ಲೂ ಟಿನ್‌ಐನಲ್ಲೂ ಹುಡುಕಿ. ಪೂರ್ತಿ ಚಿತ್ರ ಹಾಕಿದರೆ ಸೀರೆಗಳೇ ಬರುತ್ತವೆ, ಮುಖ ಹಿಂದೆ ಬೀಳುತ್ತದೆ. ಏನೂ ಸಿಗಲಿಲ್ಲ ಎಂದರೆ ಮುಖ ಸ್ವಚ್ಛ ಎಂದೇನೂ ಅಲ್ಲ. ಟಿನ್‌ಐ ಹುಡುಕುವುದು ಅದೇ ಚಿತ್ರದ ಪ್ರತಿಗಳನ್ನು, ಹೋಲುವ ಮುಖಗಳನ್ನಲ್ಲ. ಅದಕ್ಕೇ ಎರಡನೇ ಪರೀಕ್ಷೆ ಮನುಷ್ಯರಿಂದ ಆಗಬೇಕು. ಈ ಕೆಲಸಕ್ಕೆ ಸಂಬಂಧವಿಲ್ಲದ ನಾಲ್ಕೈದು ಜನರಿಗೆ, ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ತೋರಿಸಿ, ‘ಇವರನ್ನ ಎಲ್ಲಾದ್ರೂ ನೋಡೀರೇನ್ರೀ?’ ಎಂದಷ್ಟೇ ಕೇಳಿ. ನಟಿಯ ಹೆಸರು ನೀವೇ ಹೇಳಿದರೆ ಎಲ್ಲರೂ ಹೂಂ ಅಂದುಬಿಡುತ್ತಾರೆ. ಇಬ್ಬರು ತಾವಾಗಿಯೇ ಒಂದೇ ಹೆಸರು ಹೇಳಿದರೆ ಆ ಮುಖ ಬೇಡ. ವಯಸ್ಸು ಬೇರೆಬೇರೆ ಇರಲಿ, ಯಾಕೆಂದರೆ ಹಳೆಯ ನಟಿಯನ್ನು ಹುಡುಗರು ಗುರುತಿಸುವುದಿಲ್ಲ. ಒಬ್ಬರಾದರೂ ಅಂಗಡಿಯ ಊರಿನವರೇ ಇರಲಿ. ನಮ್ಮ ಕಡೆ ಫ್ಲೆಕ್ಸ್ ಮೇಲಿನ ಮುಖ ಪಕ್ಕದ ಓಣಿಯ ಹುಡುಗಿಯನ್ನು ಹೋಲುತ್ತದೆ ಎಂದು ಸುದ್ದಿಯಾದರೂ ಸಾಕು, ಆ ಮನೆಯವರಿಗೆ ನೋವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಇಬ್ಬರು, ‘ಇದು ಆ ಹೀರೋಯಿನ್ ಇದ್ದಂಗ ಐತಲ್ರೀ’ ಎಂದು ಒಬ್ಬಳದೇ ಹೆಸರು ಹೇಳಿದರು ಎಂದುಕೊಳ್ಳಿ. ಮೂಗು ಸ್ವಲ್ಪ ಬದಲಿಸಿ, ಮಚ್ಚೆ ಸೇರಿಸಿ ಮುಗಿಸುವುದು ಸುಲಭದ ದಾರಿ, ಆದರೆ ಹೋಲಿಕೆ ಇರುವುದು ಒಟ್ಟು ಮುಖದಲ್ಲಿ. ಮುಖವನ್ನೇ ಹೊಸದಾಗಿ ಮಾಡಿಸಿ, ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.

ಆಮೇಲೆ ಬ್ರ್ಯಾಂಡ್ ಗುರುತುಗಳು. ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಿ, ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ನಿಧಾನ ನೋಡುತ್ತ ಹೋಗಿ. ಮೊಬೈಲ್ ಹಿಂಬದಿಯಲ್ಲಿ ಕಚ್ಚಿದ ಹಣ್ಣಿನ ಗುರುತು, ಬೈಕ್ ಟ್ಯಾಂಕ್ ಮೇಲೆ ಅರ್ಧ ಓದಲು ಬರುವ ಹೆಸರು, ಹಿಂದಿನ ಅಂಗಡಿಯ ಬೋರ್ಡಿನಲ್ಲಿ ತಂಪು ಪಾನೀಯದ ಕೆಂಪು ಬಣ್ಣ ಮತ್ತು ಬಳುಕುವ ಬಿಳಿ ಅಕ್ಷರ. ಸ್ಪೆಲಿಂಗ್ ತಪ್ಪಿದೆ, ಬಿಡಿ ಎನ್ನುವಂತಿಲ್ಲ. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಪ್ರಕಾರ ಗೊಂದಲ ಹುಟ್ಟಿಸುವಷ್ಟು ಹೋಲುವ ಗುರುತೂ ತೊಂದರೆಯೇ. ಹಿನ್ನೆಲೆಯಲ್ಲಿ ಕಂಡದ್ದೆಲ್ಲ ಕೋರ್ಟಿಗೆ ಹೋಗುತ್ತದೆ ಎಂದಲ್ಲ. ಆದರೆ ಅಳಿಸಲು ಐದು ನಿಮಿಷ ಸಾಕಾಗುವಾಗ ಯಾಕೆ ಉಳಿಸಬೇಕು? ಚಿತ್ರದಲ್ಲೇ ಒಂದು ಹೊಸ ಗುರುತು ಹುಟ್ಟಿ, ಅಂಗಡಿ ಅದನ್ನೇ ಲೋಗೋ ಮಾಡಿಕೊಳ್ಳಲು ಹೊರಟರೆ ಮಾತು ಬೇರೆ. ಆಗ ಟ್ರೇಡ್ ಮಾರ್ಕ್ ನೋಂದಣಿ ಕಚೇರಿಯ ಉಚಿತ ಪಬ್ಲಿಕ್ ಸರ್ಚ್‌ನಲ್ಲಿ ಹುಡುಕಲೇಬೇಕು. ಬಟ್ಟೆಗೆ 24ನೇ ವರ್ಗ, ಸಿದ್ಧ ಉಡುಪಿಗೆ 25ನೇ ವರ್ಗ.

ಈ ಫ್ಲೆಕ್ಸ್‌ನಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮಾತ್ರ ಸೀರೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ನೋಂದಣಿ ಇದೆ, ಅಂದರೆ ಆ ಹೆಸರು ಆ ಸೀಮೆಯಲ್ಲಿ ಆ ರೀತಿಯಲ್ಲಿ ನೇಯ್ದ ಸೀರೆಗೇ ಸಲ್ಲುತ್ತದೆ. ಮೈ ಮತ್ತು ಸೆರಗಿನ ಹಾಸು ನೂಲುಗಳನ್ನು ಕೊಂಡಿ ಹಾಕಿ ಕೂಡಿಸುವುದು, ಕೆಂಪು ಸೆರಗಿನ ಮೇಲೆ ಟೋಪ್ ತೆನೆ ಎಂಬ ಬಿಳಿಯ ವಿನ್ಯಾಸ ಬರುವುದು ಅದರ ಗುರುತು. ಎಐ ಬಿಡಿಸಿದ ಸೆರಗಿನಲ್ಲಿ ಅಗಲವಾದ ಜರಿ, ನವಿಲು, ಮಾವಿನಕಾಯಿ. ನೇಕಾರರ ಮನೆಯವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೊಳ್ಳುವವರು ಮಾತ್ರ ಅದನ್ನೇ ಇಳಕಲ್ ಎಂದು ನಂಬಿ ಬರುತ್ತಾರೆ, ಅಂಗಡಿಯಲ್ಲಿ ಅಂಥದ್ದು ಇರುವುದಿಲ್ಲ. ಗ್ರಾಹಕ ರಕ್ಷಣಾ ಕಾಯ್ದೆ, 2019ರಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಮಾರುವ ವಸ್ತುವನ್ನು ಎಐನಿಂದ ಬಿಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಗಡಿಯ ನಿಜವಾದ ಸೀರೆಯನ್ನು ಒಪ್ಪಿಗೆ ಪತ್ರ ಬರೆದುಕೊಟ್ಟ ಒಬ್ಬರಿಗೆ ಉಡಿಸಿ ಫೋಟೋ ತೆಗೆಯಿರಿ. ಹಿಂದಿನ ಬೀದಿ, ದೀಪ, ಆಕಾಶಕ್ಕೆ ಮಾತ್ರ ಎಐ ಇರಲಿ. ಮುಖದ ಸಮಸ್ಯೆಯೂ ಅಲ್ಲಿಗೇ ಮುಗಿಯಿತು.

ಉಳಿದದ್ದು ಅಂಗಡಿಯವರಿಗೆ ಹೇಳುವುದು. ಜಾಹೀರಾತುದಾರರು ಅವರೇ, ನೋಟಿಸ್ ಬಂದರೆ ಮೊದಲು ಬರುವುದು ಅವರ ವಿಳಾಸಕ್ಕೆ. ಆದ್ದರಿಂದ ಪ್ರಿಂಟ್‌ಗೆ ಕಳಿಸುವ ಮುಂಚೆ ಹೇಳಬೇಕು, ಬರಹದಲ್ಲಿ ಹೇಳಬೇಕು. ವಾಟ್ಸಾಪ್ ಸಂದೇಶವಾದರೂ ಸರಿ:

‘ಸಾಹುಕಾರ್ರೇ, ನಮಸ್ಕಾರ. ಫ್ಲೆಕ್ಸ್‌ನಲ್ಲಿ ಸೀರೆ ಮತ್ತು ಮಾಡೆಲ್ ನಿಜವಾದ ಫೋಟೋ, ಒಪ್ಪಿಗೆ ಪತ್ರ ಜೊತೆಗಿದೆ. ಹಿನ್ನೆಲೆ ಎಐನಿಂದ ಮಾಡಿದ್ದು. ಬೇರೆ ಕಂಪನಿಗಳ ಗುರುತು ನೋಡಿ ತೆಗೆದಿದ್ದೇವೆ. ಇದೇ ರೀತಿಯ ಹಿನ್ನೆಲೆ ಬೇರೆಯವರಿಗೂ ಬರಬಹುದು, ಅದು ನಿಮಗೊಬ್ಬರಿಗೇ ಸೇರಿದ್ದು ಎಂದು ನಾವು ಬರೆದುಕೊಡಲು ಆಗುವುದಿಲ್ಲ. ಫ್ಲೆಕ್ಸ್ ಮತ್ತು ಇನ್‌ಸ್ಟಾಗ್ರಾಂಗೆ ಮಾತ್ರ ಬಳಸಿ. ಒಪ್ಪಿಗೆ ಇದ್ದರೆ ಉತ್ತರಿಸಿ, ಆಮೇಲೆ ಪ್ರಿಂಟ್‌ಗೆ ಕಳಿಸುತ್ತೇನೆ.’

ಈ ಸಂದೇಶ, ಕೊಟ್ಟ ಸೂಚನೆ, ಹುಡುಕಾಟದ ಸ್ಕ್ರೀನ್‌ಶಾಟ್, ಮೂಲ ಫೈಲ್ ಎಲ್ಲ ಒಂದೇ ಫೋಲ್ಡರ್‌ನಲ್ಲಿರಲಿ. ಬಳಸಿದ ಎಐ ಸೇವೆಯ ನಿಯಮಗಳ ಪುಟವನ್ನೂ ಅವತ್ತಿನ ದಿನಾಂಕದೊಂದಿಗೆ ಪಿಡಿಎಫ್ ಮಾಡಿಡಿ. ಕೆಲವು ಸೇವೆಗಳ ಉಚಿತ ಪ್ಲಾನ್‌ನಲ್ಲಿ ವ್ಯಾಪಾರದ ಬಳಕೆಗೆ ಅನುಮತಿ ಇರುವುದಿಲ್ಲ, ನಿಯಮಗಳೂ ಬದಲಾಗುತ್ತಿರುತ್ತವೆ. ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಆಗಿ ಕಳಿಸಿದರೆ, ಎಐ ಬಳಸಿದ್ದು ಎಂದು ಫೈಲಿನೊಳಗೆ ಬರೆದಿರುವ ಮಾಹಿತಿ ಅಳಿಸಿಹೋಗುತ್ತದೆ.

ಕ್ಲಿಯರೆನ್ಸ್ ಒಂದು ಬಳಕೆಗೆ ಸಿಗುವುದೇ ಹೊರತು ಚಿತ್ರಕ್ಕೆ ಶಾಶ್ವತವಾಗಿ ಅಲ್ಲ. ಅಂಗಡಿಯವರು ಯುಗಾದಿಗೆ ಅದೇ ಚಿತ್ರವನ್ನು ಸೀರೆ ಡಬ್ಬಿಯ ಮೇಲೆ ಹಾಕಬೇಕು ಎಂದರೆ, ಮಾಡೆಲ್‌ನ ಒಪ್ಪಿಗೆ ಪತ್ರದಲ್ಲಿ ಪ್ಯಾಕಿಂಗ್ ಸೇರಿದೆಯಾ ಎಂಬುದರಿಂದ ಮತ್ತೆ ಶುರು ಮಾಡಬೇಕು.