ಅರ್ಧದಲ್ಲೇ ಬಿಟ್ಟವರ ಖಿನ್ನತೆಯ ಅಂಕ: ಅನೋವಾ ಸಾಕೇ, ಮಿಕ್ಸೆಡ್ ಮಾಡೆಲ್ ಬೇಕೇ?

ಖಿನ್ನತೆಗೆ ಚಿಕಿತ್ಸೆ ಕೊಟ್ಟು ನೋಡುವ ಅಧ್ಯಯನಗಳಲ್ಲಿ ಒಬ್ಬೊಬ್ಬರ ಅಂಕವನ್ನೂ ಹಲವು ಸಲ ಅಳೆಯುತ್ತೇವೆ. ಶುರುವಿನಲ್ಲಿ ಒಮ್ಮೆ, ಆಮೇಲೆ 2, 4, 8ನೇ ವಾರಗಳಲ್ಲಿ ಎಂದಿಟ್ಟುಕೊಳ್ಳಿ. 8ನೇ ವಾರ ಬರುವಷ್ಟರಲ್ಲಿ ಒಂದಷ್ಟು ಜನ ಬರುವುದನ್ನೇ ಬಿಟ್ಟಿರುತ್ತಾರೆ. ಆಗ ವಿಶ್ಲೇಷಣೆಗೆ ಕೂತವರ ಮುಂದೆ ಎರಡು ದಾರಿಗಳಿರುತ್ತವೆ: ಎಲ್ಲರೂ ಕಲಿತಿರುವ ರಿಪೀಟೆಡ್ ಮೆಷರ್ಸ್ ಅನೋವಾ, ಇಲ್ಲವೇ ಮಿಕ್ಸೆಡ್ ಮಾಡೆಲ್. ಒಬ್ಬರೂ ಬಿಟ್ಟುಹೋಗದೆ, ಎಲ್ಲರನ್ನೂ ಅವೇ ವಾರಗಳಲ್ಲಿ ಅಳೆದಿದ್ದರೆ ಈ ಆಯ್ಕೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ವ್ಯಕ್ತಿಗೊಂದು ರ‍್ಯಾಂಡಮ್ ಇಂಟರ್‌ಸೆಪ್ಟ್ ಇಟ್ಟ ಮಿಕ್ಸೆಡ್ ಮಾಡೆಲ್ ಕೊಡುವ ಎಫ್ ಮೌಲ್ಯವೂ ಅನೋವಾದ ಎಫ್ ಮೌಲ್ಯವೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಜನ ಬಿಟ್ಟುಹೋಗತೊಡಗಿದಾಗ ಮಾತ್ರ ಎರಡರ ದಾರಿ ಬೇರೆಯಾಗುತ್ತದೆ.

ಅನೋವಾಕ್ಕೆ ಕೊಡುವ ಕೋಷ್ಟಕದಲ್ಲಿ ಒಬ್ಬ ವ್ಯಕ್ತಿಗೆ ಒಂದು ಸಾಲು, ಒಂದೊಂದು ಭೇಟಿಗೆ ಒಂದೊಂದು ಕಾಲಮ್. ಒಂದು ಕಾಲಮ್ ಖಾಲಿ ಇದ್ದರೂ ಆ ಸಾಲು ಪೂರ್ತಿ ಲೆಕ್ಕದಿಂದ ಹೊರಗೆ. ಮೂರು ಸಲ ಬಂದು ನಾಲ್ಕನೆಯ ಸಲ ಬಾರದವರ ಮೂರು ಅಂಕಗಳೂ ಕಸಕ್ಕೆ ಸೇರಿದಂತೆ. ಎಸ್‌ಪಿಎಸ್‌ಎಸ್‌ನ ರಿಪೀಟೆಡ್ ಮೆಷರ್ಸ್ ಮೆನು ಇದನ್ನು ಸದ್ದಿಲ್ಲದೆ ಮಾಡುತ್ತದೆ. ಫಲಿತಾಂಶದ ಪುಟದಲ್ಲಿ ಎನ್ ಎಷ್ಟಿದೆ ಎಂದು ನೋಡದವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಎನ್ ಕಡಿಮೆಯಾಯಿತು ಎನ್ನುವುದು ಇಲ್ಲಿ ಚಿಕ್ಕ ತೊಂದರೆ. ಉಳಿದವರು ಎಂಥವರು ಎನ್ನುವುದು ದೊಡ್ಡದು.

ಲೆಕ್ಕಕ್ಕೆ ಅನುಕೂಲವಾಗುವಂತೆ ಕಟ್ಟಿದ ಒಂದು ಉದಾಹರಣೆ ನೋಡೋಣ. ಎರಡು ಗುಂಪು, ಒಂದೊಂದರಲ್ಲೂ 100 ಜನ. ಅಳತೆ 17 ಅಂಶಗಳ ಹ್ಯಾಮಿಲ್ಟನ್ ಮಾಪನ. 0ಯಿಂದ 52ರವರೆಗಿನ ಅಂಕ, ಹೆಚ್ಚಿದ್ದಷ್ಟೂ ಖಿನ್ನತೆ ಹೆಚ್ಚು. 4ನೇ ವಾರ ಎಲ್ಲರೂ ಬಂದಿದ್ದಾರೆ, ಎರಡೂ ಗುಂಪಿನ ಸರಾಸರಿ 16. ಹೊಸ ಚಿಕಿತ್ಸೆಯ ಗುಂಪಿನಲ್ಲಿ 40 ಜನ ಅಲ್ಲಿಗೇ ನಿಲ್ಲಿಸಿದರು. 4ನೇ ವಾರದಲ್ಲಿ ಅವರ ಸರಾಸರಿ 19 ಇತ್ತು. ಉಳಿದ 60 ಜನರದು ಆಗ 14, 8ನೇ ವಾರದಲ್ಲಿ 10. ಹೋಲಿಕೆಯ ಗುಂಪಿನಲ್ಲಿ ಬಿಟ್ಟವರು 20 ಜನ, 4ನೇ ವಾರದಲ್ಲಿ ಅವರ ಸರಾಸರಿ 18. ಉಳಿದ 80 ಜನರದು ಆಗ 15.5, 8ನೇ ವಾರದಲ್ಲಿ 12.5.

ಅನೋವಾ ಉಳಿದವರನ್ನಷ್ಟೇ ನೋಡುತ್ತದೆ: 10 ಮತ್ತು 12.5. ಹೊಸ ಚಿಕಿತ್ಸೆಗೆ 2.5 ಅಂಕದ ಮೇಲುಗೈ. ಈ ಮೇಲುಗೈಯಲ್ಲಿ ಒಂದು ಪಾಲು ಬಂದಿರುವುದು ಗುಣವಾಗದವರು ಆ ಗುಂಪಿನಿಂದ ಹೆಚ್ಚು ಸಂಖ್ಯೆಯಲ್ಲಿ ಎದ್ದುಹೋದದ್ದರಿಂದ.

ಹಿಂದೆ ಬಹಳ ಚಾಲ್ತಿಯಲ್ಲಿದ್ದ ಒಂದು ಉಪಾಯವೆಂದರೆ ಕೊನೆಗೆ ಸಿಕ್ಕ ಅಂಕವನ್ನೇ ಖಾಲಿ ಜಾಗಕ್ಕೆ ತುಂಬಿ ಅನೋವಾಕ್ಕೆ ಕೊಡುವುದು. ಹಾಗೆ ಮಾಡಿದರೆ ಹೊಸ ಚಿಕಿತ್ಸೆಯ ಗುಂಪಿನಲ್ಲಿ 60 ಜನರ 10 ಮತ್ತು 40 ಜನರ 19 ಸೇರಿ ಸರಾಸರಿ 13.6. ಇನ್ನೊಂದು ಗುಂಪಿನಲ್ಲಿ 80 ಜನರ 12.5 ಮತ್ತು 20 ಜನರ 18 ಸೇರಿ ಅದೂ 13.6. ವ್ಯತ್ಯಾಸ ಸೊನ್ನೆ. ಬಿಟ್ಟುಹೋದ ದಿನದಿಂದ ಆ ವ್ಯಕ್ತಿಯ ಸ್ಥಿತಿ ಒಂದಿಷ್ಟೂ ಕದಲಲಿಲ್ಲ ಎಂದು ಇದು ಊಹಿಸುತ್ತದೆ. ಖಿನ್ನತೆಯ ಅಂಕ ಹಾಗೆ ಒಂದೇ ಕಡೆ ನಿಂತಿರುವುದಿಲ್ಲ. ಚಿಕಿತ್ಸೆಯಿಲ್ಲದೆಯೂ ಒಂದಿಷ್ಟು ಇಳಿಯುತ್ತದೆ, ಕೆಲವರಲ್ಲಿ ಏರುತ್ತದೆ. ಇದು ಎಚ್ಚರಿಕೆಯ ವಿಧಾನ, ಚಿಕಿತ್ಸೆಯ ಪರ ವಾಲುವುದಿಲ್ಲ ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದು ಸರಿಯಲ್ಲ. ಯಾವ ಗುಂಪಿನವರು ಎಷ್ಟು ಬೇಗ ಬಿಟ್ಟರು ಎನ್ನುವುದರ ಮೇಲೆ ಅದು ಯಾವ ಕಡೆಗೂ ವಾಲಬಹುದು.

ಮಿಕ್ಸೆಡ್ ಮಾಡೆಲ್ ಏನು ಮಾಡುತ್ತದೆ? ಅದಕ್ಕೆ ಒಂದು ಭೇಟಿಗೆ ಒಂದು ಸಾಲು. ಬಾರದ ಭೇಟಿಯ ಸಾಲು ಮಾತ್ರ ಇರುವುದಿಲ್ಲ, ಬಂದ ಭೇಟಿಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ. ಉಳಿದವರಲ್ಲಿ 4ನೇ ಮತ್ತು 8ನೇ ವಾರದ ಅಂಕಗಳ ನಂಟು ಹೇಗಿದೆ ಎಂದು ಅದು ಕಲಿಯುತ್ತದೆ. ನಮ್ಮ ಉದಾಹರಣೆಯಲ್ಲಿ 4ನೇ ವಾರ 1 ಅಂಕ ಹೆಚ್ಚಿದ್ದವರಿಗೆ 8ನೇ ವಾರ ಸರಾಸರಿ 0.8 ಅಂಕ ಹೆಚ್ಚಿತ್ತು ಎನ್ನಿ. ಉಳಿದವರ 4ನೇ ವಾರದ ಸರಾಸರಿ 14, ಇಡೀ ಗುಂಪಿನದು 16, ಅಂತರ 2. ಹಾಗಾಗಿ ಇಡೀ ಗುಂಪಿನ 8ನೇ ವಾರದ ಅಂದಾಜು 10 + 0.8 × 2 = 11.6. ಹೋಲಿಕೆಯ ಗುಂಪಿಗೆ 12.5 + 0.8 × 0.5 = 12.9. ವ್ಯತ್ಯಾಸ 1.3. ಮಾಡೆಲ್ ಯಾರ ಹೆಸರಿಗೂ ಅಂಕ ಬರೆದು ತುಂಬುವುದಿಲ್ಲ, ಆದರೆ ಲೈಕ್ಲಿಹುಡ್‌ನ ಒಳಗೆ ನಡೆಯುವುದು ಈ ಲೆಕ್ಕವೇ.

ದತ್ತಾಂಶ ಒಂದೇ, ಉತ್ತರ 2.5, 0, 1.3 ಎಂದು ಮೂರು. ಮೂರನೆಯದನ್ನು ನಂಬಲು ಒಂದು ಷರತ್ತಿದೆ. 4ನೇ ವಾರ ಒಂದೇ ಅಂಕ ಇದ್ದ ಒಂದೇ ಗುಂಪಿನ ಇಬ್ಬರಲ್ಲಿ ಒಬ್ಬರು ಬಿಟ್ಟರು, ಇನ್ನೊಬ್ಬರು ಉಳಿದರು ಎಂದರೆ, ಮುಂದಿನ ಹಾದಿ ಇಬ್ಬರಿಗೂ ಸರಾಸರಿಯಲ್ಲಿ ಒಂದೇ ಆಗಿರಬೇಕು. ಇದನ್ನೇ ಮಿಸ್ಸಿಂಗ್ ಅಟ್ ರ‍್ಯಾಂಡಮ್ ಎನ್ನುತ್ತಾರೆ. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಇದಕ್ಕೊಂದು ಚೌಕಟ್ಟು ಹಾಕಿಕೊಟ್ಟರು. ಅನೋವಾ ಬೇಡುವ ಷರತ್ತು ಇನ್ನೂ ಕಠಿಣ: ಬಿಟ್ಟುಹೋಗುವುದಕ್ಕೂ ಅಂಕಕ್ಕೂ ಸಂಬಂಧವೇ ಇರಬಾರದು. ಖಿನ್ನತೆಯ ಅಧ್ಯಯನದಲ್ಲಿ ಅದನ್ನು ನಂಬುವುದು ಕಷ್ಟ. ಪರೀಕ್ಷಿಸುವುದು ಸುಲಭ. ಯಾವ ಭೇಟಿಯ ನಂತರ ಬಿಟ್ಟರು ಎಂಬುದರ ಪ್ರಕಾರ ಜನರನ್ನು ಗುಂಪು ಮಾಡಿ, ಒಂದೊಂದು ಗುಂಪಿನ ಸರಾಸರಿ ಅಂಕದ ಗೆರೆ ಎಳೆಯಿರಿ. ಬೇಗ ಬಿಟ್ಟವರ ಗೆರೆ ಮೇಲೆ ನಿಂತಿದ್ದರೆ ಅನೋವಾದ ಮಾತು ಅಲ್ಲಿಗೆ ಮುಗಿಯಿತು. ಮಿಕ್ಸೆಡ್ ಮಾಡೆಲ್‌ನ ಷರತ್ತನ್ನು ಮಾತ್ರ ಹೀಗೆ ಪರೀಕ್ಷಿಸಲು ಬರುವುದಿಲ್ಲ, ಏಕೆಂದರೆ ಅದು ನಮ್ಮ ಕೈಗೆ ಸಿಗದ ಅಂಕಗಳ ಬಗ್ಗೆ.

ಇಷ್ಟು ಓದಿ ‘ಮಿಕ್ಸೆಡ್ ಮಾಡೆಲ್ ಹಾಕಿಬಿಟ್ಟರೆ ಆಯಿತು’ ಎಂದುಕೊಂಡರೆ ಮುಂದಿನ ಗುಂಡಿಗೆ ಬೀಳುತ್ತೀರಿ. ಬಹಳ ಬಳಕೆಯಲ್ಲಿರುವುದು ರ‍್ಯಾಂಡಮ್ ಇಂಟರ್‌ಸೆಪ್ಟ್ ಒಂದೇ ಇರುವ ಮಾಡೆಲ್. ಎಲ್ಲ ಭೇಟಿಗಳಲ್ಲೂ ಅಂಕಗಳ ಹರಡುವಿಕೆ ಒಂದೇ, ಯಾವ ಎರಡು ಭೇಟಿ ತೆಗೆದುಕೊಂಡರೂ ಸಹಸಂಬಂಧ ಒಂದೇ ಎಂದು ಅದು ಹಿಡಿಯುತ್ತದೆ. ಖಿನ್ನತೆಯ ಅಂಕದಲ್ಲಿ ಎರಡೂ ಸುಳ್ಳಾಗುವುದೇ ಹೆಚ್ಚು. ಇಂತಿಷ್ಟಕ್ಕಿಂತ ಹೆಚ್ಚು ಅಂಕ ಇದ್ದವರನ್ನೇ ಅಧ್ಯಯನಕ್ಕೆ ಸೇರಿಸಿಕೊಳ್ಳುವುದರಿಂದ ಶುರುವಿನಲ್ಲಿ ಎಲ್ಲರ ಅಂಕ ಒತ್ತಾಗಿರುತ್ತದೆ. ಕೆಲವರು ಗುಣವಾಗಿ ಕೆಲವರು ಆಗದೆ ವಾರ ಕಳೆದಂತೆ ಹರಡಿಕೊಳ್ಳುತ್ತದೆ. ಅಕ್ಕಪಕ್ಕದ ವಾರಗಳ ನಂಟು ದೂರದ ವಾರಗಳದ್ದಕ್ಕಿಂತ ಗಟ್ಟಿ.

ಎಲ್ಲರೂ ಉಳಿದಿದ್ದರೆ ಈ ತಪ್ಪು ಸ್ಟ್ಯಾಂಡರ್ಡ್ ಎರರ್ ಅನ್ನಷ್ಟೇ ಕೆಡಿಸುತ್ತಿತ್ತು. ಜನ ಬಿಟ್ಟುಹೋದಾಗ ಸರಾಸರಿಯನ್ನೇ ಕೆಡಿಸುತ್ತದೆ. ಮೇಲಿನ 0.8 ಬಂದದ್ದು ಎಲ್ಲಿಂದ ಎಂದು ನೋಡಿ: ಸಹಸಂಬಂಧ 0.67, ಸ್ಟ್ಯಾಂಡರ್ಡ್ ಡೀವಿಯೇಶನ್ 4ನೇ ವಾರ 5, 8ನೇ ವಾರ 6 ಇದ್ದರೆ 0.67 × 6 ÷ 5 ಸುಮಾರು 0.8 ಆಗುತ್ತದೆ. ಹರಡುವಿಕೆ ಎರಡೂ ವಾರ ಒಂದೇ ಎಂದು ಹಟ ಹಿಡಿದರೆ ಅದು 0.67ರ ಆಸುಪಾಸಿಗೆ ಇಳಿಯುತ್ತದೆ, ಗುಂಪುಗಳ ವ್ಯತ್ಯಾಸ 1.3ರಿಂದ ಸುಮಾರು 1.5ಕ್ಕೆ ಏರುತ್ತದೆ. ಚಿಕಿತ್ಸೆಯಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ಕೋವೇರಿಯನ್ಸ್‌ನ ಬಗ್ಗೆ ನಾವು ಮಾಡಿದ ಊಹೆ.

ಆದ್ದರಿಂದ ಭೇಟಿಗಳು ನಾಲ್ಕೈದು ಇದ್ದು, ಅವು ನಿಗದಿತ ವಾರಗಳಲ್ಲೇ ಆಗಿದ್ದರೆ, ಪ್ರತಿ ಭೇಟಿಯ ಹರಡುವಿಕೆಯನ್ನೂ ಪ್ರತಿ ಎರಡು ಭೇಟಿಗಳ ನಂಟನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡುವ ಅನ್‌ಸ್ಟ್ರಕ್ಚರ್ಡ್ ಕೋವೇರಿಯನ್ಸ್ ಇಟ್ಟು ವಾರವನ್ನು ವರ್ಗವಾಗಿ ತೆಗೆದುಕೊಳ್ಳಿ. ಔಷಧ ಪರೀಕ್ಷೆಗಳಲ್ಲಿ ಎಂಎಂಆರ್‌ಎಂ ಎಂದು ಕರೆಯುವುದು ಇದನ್ನೇ. ವಾರವನ್ನು ನೇರ ಗೆರೆಯಾಗಿ ಇಟ್ಟರೆ ಇನ್ನೊಂದು ತೊಡಕು: ಖಿನ್ನತೆಯ ಅಂಕ ಮೊದಲ ವಾರಗಳಲ್ಲಿ ಬೇಗ ಇಳಿದು ಆಮೇಲೆ ನಿಧಾನವಾಗುವುದು ಸಾಮಾನ್ಯ. ಬೇಗ ಬಿಟ್ಟವರಿಂದ ನಮಗೆ ಸಿಕ್ಕಿರುವುದು ಆ ಕಡಿದಾದ ಭಾಗ ಮಾತ್ರ, ನೇರ ಗೆರೆ ಅದನ್ನೇ 8ನೇ ವಾರದವರೆಗೂ ಎಳೆದುಬಿಡುತ್ತದೆ. ಆರ್‌ನಲ್ಲಿ ಹೀಗೆ ಬರೆಯಬಹುದು:

```r
library(mmrm)
m <- mmrm(hamd ~ hamd0 * visit + arm * visit + us(visit | id),
          data = d, method = "Kenward-Roger")
emmeans::emmeans(m, pairwise ~ arm | visit)
```

ಇಲ್ಲಿ `hamd0` ಶುರುವಿನ ಅಂಕ, `visit` ಮತ್ತು `id` ಎರಡೂ ಫ್ಯಾಕ್ಟರ್ ಆಗಿರಬೇಕು. ಗುಂಪಿನಲ್ಲಿ ಜನ ಕಡಿಮೆ ಇದ್ದಾಗ ಕೆನ್‌ವರ್ಡ್-ರೋಜರ್ ತಿದ್ದುಪಡಿ ಸ್ಟ್ಯಾಂಡರ್ಡ್ ಎರರ್ ಅನ್ನು ಸರಿದೂಗಿಸುತ್ತದೆ. ಶುರುವಿನ ನಂತರ ಒಮ್ಮೆಯೂ ಬಾರದವರು ಈ ಮಾಡೆಲ್‌ನಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ನೆನಪಿರಲಿ. ಅವರ ಸಂಖ್ಯೆ ಗಮನಾರ್ಹವಾಗಿದ್ದರೆ ಶುರುವಿನ ಅಂಕವನ್ನೂ ಒಂದು ಭೇಟಿಯ ಅಂಕವಾಗಿ ಎಡಗಡೆಗೆ ತಂದು, ಆ ಭೇಟಿಯಲ್ಲಿ ಎರಡೂ ಗುಂಪಿನ ಸರಾಸರಿ ಒಂದೇ ಎಂದು ಕಟ್ಟಿಹಾಕಿ.

ಅನ್‌ಸ್ಟ್ರಕ್ಚರ್ಡ್ ದುಬಾರಿಯೂ ಹೌದು. 4 ಭೇಟಿಗೆ 10 ಪ್ಯಾರಾಮೀಟರ್, 8 ಭೇಟಿಗೆ 36. ಜನ ಕಡಿಮೆಯಿದ್ದರೆ ಮಾಡೆಲ್ ಕನ್ವರ್ಜ್ ಆಗದೆ ನಿಲ್ಲುತ್ತದೆ. ಆಗ ಅವಸರದಲ್ಲಿ ರ‍್ಯಾಂಡಮ್ ಇಂಟರ್‌ಸೆಪ್ಟ್‌ಗೆ ಇಳಿಯಬೇಡಿ. `us` ಜಾಗದಲ್ಲಿ ಮೊದಲು `toeph`, ಅದೂ ಆಗದಿದ್ದರೆ `ar1h` ಎಂಬ ಕ್ರಮವನ್ನು ದತ್ತಾಂಶ ತೆರೆಯುವ ಮೊದಲೇ ಬರೆದಿಡಿ. ಎರಡರಲ್ಲೂ ಭೇಟಿಗೊಂದು ಹರಡುವಿಕೆ ಇರುತ್ತದೆ, ದೂರ ಹೆಚ್ಚಿದಂತೆ ನಂಟು ಬದಲಾಗಲು ಅವಕಾಶವೂ ಇರುತ್ತದೆ. ಒಬ್ಬೊಬ್ಬರೂ ಒಂದೊಂದು ದಿನ ಬಂದಿದ್ದರೆ ಅಥವಾ ಅಳತೆಗಳು ಹತ್ತಾರು ಇದ್ದರೆ ರ‍್ಯಾಂಡಮ್ ಸ್ಲೋಪ್‌ನ ಮಾಡೆಲ್ಲೇ ಸರಿ. ಆದರೆ ಕಾಲಕ್ಕೆ ಬಾಗುವ ಗೆರೆ ಕೊಡಿ.

ಕೊನೆಗೆ ಉಳಿಯುವುದು ಪರೀಕ್ಷಿಸಲಾಗದ ಆ ಷರತ್ತು. ಕೊನೆಯ ಭೇಟಿಯ ನಂತರ ಸ್ಥಿತಿ ಹೆಚ್ಚು ಕೆಟ್ಟದ್ದರಿಂದಲೇ ಬಿಟ್ಟಿದ್ದರೆ? ಮತ್ತೆ ನಮ್ಮ ಉದಾಹರಣೆಗೆ ಬನ್ನಿ. ಹೊಸ ಚಿಕಿತ್ಸೆ ಬಿಟ್ಟ 40 ಜನರಿಗೆ ಮಾಡೆಲ್ ಒಳಗೊಳಗೇ ಊಹಿಸಿದ ಸರಾಸರಿ 10 + 0.8 × 5 = 14. ನಿಜದಲ್ಲಿ ಅದು ಇನ್ನೂ ಎಷ್ಟು ಕೆಟ್ಟಿದ್ದರೆ 1.3ರ ವ್ಯತ್ಯಾಸ ಅಳಿಸಿಹೋಗುತ್ತದೆ? ಅವರು ಗುಂಪಿನ 0.4 ಪಾಲು, ಹಾಗಾಗಿ 1.3 ÷ 0.4 = 3.25 ಅಂಕ. ಇದು ಆ ಗುಂಪಿನಲ್ಲಿ ಬಿಟ್ಟವರು ಮಾತ್ರ ಕೆಟ್ಟಿದ್ದರೆ. ಎರಡೂ ಗುಂಪಿನಲ್ಲಿ ಬಿಟ್ಟವರು ಸಮನಾಗಿ ಕೆಟ್ಟಿದ್ದರೆ 1.3 ÷ 0.2, ಅಂದರೆ 6.5 ಅಂಕ ಬೇಕು. ಪಿ ಮೌಲ್ಯ ಗಡಿ ದಾಟಿಹೋಗುವುದು ಇದಕ್ಕಿಂತ ಬೇಗ. ಅದನ್ನು ತಿಳಿಯಲು ಮಲ್ಟಿಪಲ್ ಇಂಪ್ಯುಟೇಶನ್ ಮಾಡಿ, ತುಂಬಿದ ಅಂಕಗಳಿಗೆ 1, 2, 3 ಎಂದು ಕೂಡಿಸುತ್ತ ಪ್ರತಿಸಲವೂ ವಿಶ್ಲೇಷಣೆ ನಡೆಸಬೇಕು. ಹ್ಯಾಮಿಲ್ಟನ್ ಮಾಪನದಲ್ಲಿ 3.25 ಅಂಕ ಎಂದರೆ ನಡೆಯದ ಮಾತೇನಲ್ಲ, ಸುಸ್ತಾಗಿ ಚಿಕಿತ್ಸೆ ಬಿಟ್ಟವರು ಅಷ್ಟು ಹೆಚ್ಚು ಕುಗ್ಗಿರಬಹುದು. ಹಾಗಾಗಿ ಈ ಫಲಿತಾಂಶ ಗಟ್ಟಿಯಾದದ್ದು ಎಂದು ಬರೆಯಲು ನಾವು ಹಿಂಜರಿಯುತ್ತೇವೆ. 6.5 ಅಂಕ ಬೇಕಾಗುವ ಸನ್ನಿವೇಶಕ್ಕೆ ಅಷ್ಟು ಹೆದರಬೇಕಿಲ್ಲ. ಎರಡರಲ್ಲಿ ಯಾವುದು ನಿಜಕ್ಕೆ ಹತ್ತಿರ ಎಂದು ತೂಗಲು ಬಿಟ್ಟವರು ಕೊಟ್ಟ ಕಾರಣಗಳು ಬೇಕು. ಅಡ್ಡಪರಿಣಾಮ, ಊರು ಬದಲಾವಣೆ, ಗುಣವಾಯಿತು, ಗುಣವಾಗಲಿಲ್ಲ ಎಂದು ಬೇರೆ ಬೇರೆಯಾಗಿ ಬರೆದಿಡದೆ, ಎಲ್ಲರ ಮುಂದೆಯೂ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಗೀಚಿದ ಕೇಸ್ ಶೀಟ್‌ಗಳನ್ನು ಯಾವ ಮಾಡೆಲ್ಲೂ ಆಮೇಲೆ ರಿಪೇರಿ ಮಾಡಲಾರದು.