ಖರ್ಚಿನ ಶೀಟಲ್ಲಿ 'ಇತರೆ' ಊದ್ಕೊಂಡಾಗ: ನನ್ನ ನೋಟ್ಸ್

ಮೊದಲ ಸಲ ಶೀಟ್ ಮಾಡಿದಾಗ ನಾನು 26 ಕೆಟಗರಿ ಇಟ್ಟಿದ್ದೆ, ಎರಡೇ ವಾರಕ್ಕೆ ಯಾವುದು ಎಲ್ಲಿಗೆ ಹಾಕ್ಬೇಕು ಅಂತ ಯೋಚಿಸೋಕೆ ಬೇಜಾರಾಗಿ ಎಲ್ಲಾನೂ 'ಇತರೆ'ಗೆ ತಳ್ಳೋಕೆ ಶುರು ಮಾಡ್ದೆ. ಈಗ ಹತ್ತೇ ಇದೆ. ಒಂದು ಕೆಟಗರಿ ಬೇಕಾ ಬೇಡ್ವಾ ಅನ್ನೋಕೆ ನಾನು ಕೇಳ್ಕೊಳ್ಳೋದು ಒಂದೇ: ಇದು ಜಾಸ್ತಿ ಆಯ್ತು ಅಂದ್ರೆ ನಾನೇನಾದ್ರೂ ಬೇರೆ ಥರ ಮಾಡ್ತೀನಾ? ಬಸ್ಸು, ಆಟೋ ಬೇರೆ ಬೇರೆ ಬರೆದ್ರೂ ನಾನು ಮಾಡೋದು ಒಂದೇ ಆದ್ರೆ ಎರಡೂ ಸೇರಿ 'ಓಡಾಟ', ಅಷ್ಟೇ.

ಶೀಟಲ್ಲಿ A ತಾರೀಖು, B ಕೆಟಗರಿ, C ಮೊತ್ತ, D ವಿವರ. B ಕಾಲಂಗೆ ಡ್ರಾಪ್‌ಡೌನ್ ಹಾಕಿ, ಇಲ್ಲಾಂದ್ರೆ 'ಓಡಾಟ' ಪಕ್ಕ ಒಂದು ಸ್ಪೇಸ್ ಬಿದ್ರೂ ಅದು ಬೇರೆ ಕೆಟಗರಿ ಆಗಿ ಮೊತ್ತದಿಂದ ಸದ್ದಿಲ್ದೆ ಬಿಟ್ಟುಹೋಗುತ್ತೆ. H1ರಲ್ಲಿ ತಿಂಗಳ ಮೊದಲ ತಾರೀಖು, G2ರಿಂದ ಕೆಳಗೆ ಕೆಟಗರಿ ಹೆಸರುಗಳು, ಪಕ್ಕದಲ್ಲಿ ಇದು:

```
=SUMIFS(C:C,B:B,G2,A:A,">="&$H$1,A:A,"<"&EDATE($H$1,1))
```

ಕೆಳಗೆ ಇನ್ನೊಂದು ಸೆಲ್ಲಲ್ಲಿ ಇದೇ ಫಾರ್ಮುಲಾನ ಕೆಟಗರಿ ಷರತ್ತು ತೆಗೆದು ಹಾಕಿ, ಅದ್ರಿಂದ ಕೆಟಗರಿಗಳ ಒಟ್ಟು ಮೊತ್ತ ಕಳೀರಿ. ಸೊನ್ನೆ ಬರ್ಲಿಲ್ಲ ಅಂದ್ರೆ ಎಲ್ಲೋ ಹೆಸರು ತಪ್ಪಿದೆ ಅಥವಾ ಖಾಲಿ ಇದೆ. ಆದ್ರೆ ತಾರೀಖೇ ಟೆಕ್ಸ್ಟ್ ಆಗಿ ಕೂತಿದ್ರೆ ಎರಡೂ ಕಡೆ ಬಿಟ್ಟುಹೋಗಿ ಸೊನ್ನೆನೇ ತೋರಿಸುತ್ತೆ (ನಾನು ಇದ್ರಲ್ಲೇ ಒಂದು ಸಂಜೆ ಕಳೆದಿದ್ದೀನಿ), ಅದಕ್ಕೆ `COUNT(A:A)` ಮತ್ತೆ `COUNT(C:C)` ಒಂದೇ ಬರುತ್ತಾ ಅಂತಾನೂ ನೋಡಿ.

ಇನ್ನು ತಿಂಗಳ ರಿವ್ಯೂ. ಎಲ್ಲಾ ಕೆಟಗರಿ ನೋಡೋಕೆ ಹೋದ್ರೆ ಮೂರನೇ ತಿಂಗಳಿಗೆ ಬಿಟ್ಬಿಡ್ತೀವಿ, ಹಾಗಾಗಿ ನಾನು ಮೊದಲು 'ಇತರೆ' ಮಾತ್ರ ಫಿಲ್ಟರ್ ಮಾಡ್ತೀನಿ. ಒಂದು ಉದಾಹರಣೆ ತಗೊಳ್ಳಿ, ಒಟ್ಟು ಖರ್ಚು 30,000, ಅದ್ರಲ್ಲಿ 'ಇತರೆ' 7,200, ಅಂದ್ರೆ 24%. ಗಾಬರಿ ಆಗೋ ಅಂಕಿ. ಬಿಚ್ಚಿ ನೋಡಿದ್ರೆ ಅದ್ರಲ್ಲಿ 2,600 ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ್ದು, ಆದ್ರೆ ಕಾರ್ಡಲ್ಲಿ ತಗೊಂಡಿದ್ದನ್ನ ಆವಾಗ್ಲೇ ಒಂದೊಂದಾಗಿ ಬರ್ಕೊಂಡಾಗಿದೆ, ಸೋ ಅದು ಖರ್ಚೇ ಅಲ್ಲ, ಎರಡು ಸಲ ಎಣಿಸಿದ್ದು. ಆ ಸಾಲು ಶೀಟಿಂದಾನೇ ತೆಗೀಬೇಕು, ಒಟ್ಟು 27,400ಕ್ಕೆ ಇಳಿಯುತ್ತೆ. ಇನ್ನು 3,000 ವರ್ಷಕ್ಕೊಂದ್ಸಲ ಕಟ್ಟೋ ವಿಮೆ, ಅದಕ್ಕೆ 'ವಾರ್ಷಿಕ' ಅಂತ ಒಂದು ಕೆಟಗರಿ, ಹೋಲಿಸುವಾಗ ತಿಂಗಳಿಗೆ 250 ಅಂತ ಲೆಕ್ಕ. ಉಳಿದಿದ್ದು 1,600, ಎಲ್ಲಾ ಚಿಲ್ಲರೆ, ಅದು 'ಇತರೆ'ಲೇ ಇರ್ಲಿ ಬಿಡಿ, ಸುಮಾರು 6% ಅಷ್ಟೇ.

ಒಂದೇ ಥರದ ಖರ್ಚು ಮೂರು ತಿಂಗಳು ಸತತವಾಗಿ 'ಇತರೆ'ಲಿ ಕಾಣಿಸಿದ್ರೆ ಮಾತ್ರ ಹೊಸ ಕೆಟಗರಿ ಮಾಡ್ತೀನಿ, ಮಾಡಿದಾಗ ಆ ಮೂರು ತಿಂಗಳ ಹಳೇ ಸಾಲುಗಳನ್ನೂ ಬದಲಾಯಿಸ್ತೀನಿ, ಇಲ್ಲಾಂದ್ರೆ ಹಿಂದಿನ ತಿಂಗಳ ಜೊತೆ ಹೋಲಿಸಿದಾಗ ಇಲ್ದೇ ಇರೋ ಏರಿಕೆ ಕಾಣುತ್ತೆ. ಇನ್ನೊಂದು ಮರೆತಿದ್ದೆ, ರೀಫಂಡ್ ಬಂದ್ರೆ ಆದಾಯ ಅಂತ ಬರೀಬೇಡಿ, ಅದೇ ಕೆಟಗರಿಲಿ ಮೈನಸ್ ಹಾಕಿ.