ಬ್ಲರ್ 5 ಇಡಬೇಕೋ, 20 ಇಡಬೇಕೋ? ಪೆನ್ಸಿಲ್ ಸ್ಕೆಚ್‌ನ ಹಳೇ ಗೊಂದಲ

ಫೋಟೊವನ್ನು ಪೆನ್ಸಿಲ್ ಚಿತ್ರ ಮಾಡಲು ಬ್ಲರ್ ಎಷ್ಟಿಡಬೇಕು ಎಂದರೆ ಒಬ್ಬರು 5 ಎನ್ನುತ್ತಾರೆ, ಮತ್ತೊಬ್ಬರು 20. ಎರಡೂ ಸರಿಯೇ. ಎಷ್ಟು ದೊಡ್ಡ ಫೋಟೊಗೆ ಎಂಬ ಮಾತು ಎಲ್ಲೋ ಉದುರಿಹೋಗಿ, ಬರೀ ಸಂಖ್ಯೆ ಬಾಯಿಂದ ಬಾಯಿಗೆ ದಾಟಿದೆ.

ಈ ಸ್ಕೆಚ್‌ಗೆ ಬಳಸುವ ಡಾಡ್ಜ್ ಮೂಲತಃ ಡಾರ್ಕ್‌ರೂಮಿನ ಕಸುಬು. ಪ್ರಿಂಟ್ ಹಾಕುವಾಗ ಬೆಳಕಿಗೆ ಕೈ ಅಡ್ಡ ಹಿಡಿದರೆ ಕಾಗದದ ಆ ಭಾಗ ತಿಳಿಯಾಗುತ್ತಿತ್ತು. 1994ರಲ್ಲಿ ಫೋಟೋಶಾಪ್‌ಗೆ ಲೇಯರ್, ಅಂದರೆ ಒಂದು ಚಿತ್ರದ ಮೇಲೆ ಇನ್ನೊಂದನ್ನು ಪದರವಾಗಿ ಇಡುವ ಸೌಲಭ್ಯ ಬಂತು. ಫೋಟೊ ತಿದ್ದುವ ಉಚಿತ ತಂತ್ರಾಂಶ ಗಿಂಪ್ ಬಂದ ಮೇಲೆ ಈ ಆಟ ಮನೆಮನೆಗೂ ತಲುಪಿತು. 1000 ಪಿಕ್ಸೆಲ್ ಅಗಲದ ಫೋಟೊಗೆ ಬ್ಲರ್ 5 ಸಾಕು. ಈಗ 12 ಮೆಗಾಪಿಕ್ಸೆಲ್ ಫೋನಿನ ಫೋಟೊ 4000 ಪಿಕ್ಸೆಲ್ ಇರುತ್ತದೆ. ಅದಕ್ಕೂ 5 ಇಟ್ಟರೆ ಕೂದಲೆಳೆಯಂಥ ಮಾಸಲು ಗೆರೆ ಬರುತ್ತದೆ. ಅಳತೆ ನಾಲ್ಕು ಪಟ್ಟಾದರೆ ಬ್ಲರ್ ಕೂಡ ನಾಲ್ಕು ಪಟ್ಟು, ಅಂದರೆ 20.

ಬಡಗುತಿಟ್ಟಿನ ವೇಷಧಾರಿಯೊಬ್ಬರ ಫೋಟೊವನ್ನೇ ಗಿಂಪ್‌ನಲ್ಲಿ ತೆರೆಯೋಣ. ಮೊದಲು Desaturate ಮಾಡಿ ಬಣ್ಣ ತೆಗೆಯಿರಿ. ಇಲ್ಲದಿದ್ದರೆ ಗೆರೆಗಳಿಗೂ ಬಣ್ಣ ಅಂಟುತ್ತದೆ. ಲೇಯರನ್ನು Duplicate ಮಾಡಿ, ಮೇಲಿನದ್ದಕ್ಕೆ Invert ಕೊಡಿ (ಪಕ್ಕದಲ್ಲಿರುವ Linear Invert ಬೇಡ), ಅದರ ಮೋಡ್ Dodge ಮಾಡಿ. ಪರದೆ ಹೆಚ್ಚುಕಡಿಮೆ ಪೂರಾ ಬೆಳ್ಳಗಾಗಬೇಕು. ಫೋಟೊ ಇನ್ನೂ ಕಾಣುತ್ತಿದ್ದರೆ ಹಿಂದಿನ ಯಾವುದೋ ಹೆಜ್ಜೆ ತಪ್ಪಿದೆ. ಆಮೇಲೆ ಮೇಲಿನ ಲೇಯರಿಗೇ Gaussian Blur ಕೊಡಿ, ಗೆರೆಗಳು ಎದ್ದು ಬರುತ್ತವೆ.

ಬೆಳ್ಳಗಾಗಿದ್ದು ಯಾಕೆ, ಗೆರೆ ಬಂದಿದ್ದು ಯಾಕೆ? ಇಲ್ಲಿ ನಡೆಯುವುದು ಒಂದು ಭಾಗಾಕಾರ:

```
ಫಲಿತಾಂಶ = 255 × ಮೂಲ ÷ ಬ್ಲರ್ ಆದ ಮೂಲ
```

ಪ್ರತಿ ಚುಕ್ಕಿಯ ಹೊಳಪಿಗೂ ಒಂದು ಸಂಖ್ಯೆ ಇರುತ್ತದೆ, 0 ಕಪ್ಪು, 255 ಬಿಳಿ. ಕೆನ್ನೆಯ ಚುಕ್ಕಿ 180 ಇದ್ದು ಸುತ್ತಲಿನ ಸರಾಸರಿಯೂ 180 ಆದರೆ ಉತ್ತರ 255, ಅಂದರೆ ಅಚ್ಚ ಬಿಳಿ. ಹುಬ್ಬಿನ ಅಂಚಿನಲ್ಲಿ ಚುಕ್ಕಿ 90, ಸುತ್ತಲಿನ ಸರಾಸರಿ 150 ಎಂದಿಟ್ಟುಕೊಳ್ಳಿ. ಉತ್ತರ 153, ಅದೇ ಬೂದು ಗೆರೆ. ಸುತ್ತಲಿಗಿಂತ ಕಪ್ಪಾಗಿರುವ ಚುಕ್ಕಿ ಮಾತ್ರ ಉಳಿಯುವುದು ಎಂಬುದಷ್ಟೇ ಇದರ ಗುಟ್ಟು.

ಹೊಸಬರು ಗಾಬರಿಯಾಗುವುದೂ ಇದರಿಂದಲೇ. ಕಪ್ಪು ಮುಂಡಾಸಿನ ನಡುಭಾಗ ಬಿಳಿಯಾಗಿಬಿಡುತ್ತದೆ, ಅಂಚು ಮತ್ತು ಜರಿಯ ಸಾಲಷ್ಟೇ ಉಳಿಯುತ್ತವೆ. 30ನ್ನು 30ರಿಂದ ಭಾಗಿಸಿದರೂ ಬಿಳಿಯೇ ತಾನೇ? ಕಪ್ಪು ಬೇಕೆಂದು ಬ್ಲರನ್ನು 100ಕ್ಕೆ ಏರಿಸಿದರೆ ಅದು ಸ್ಕೆಚ್ ಅಲ್ಲ, ಬಣ್ಣಗೆಟ್ಟ ಫೋಟೊ. ಅದಕ್ಕಿಂತ Desaturate ಆದ ಫೋಟೊದ ಇನ್ನೊಂದು ಪ್ರತಿಯನ್ನು ಎಲ್ಲದರ ಮೇಲಿಟ್ಟು, ಮೋಡ್ Multiply ಮಾಡಿ, Opacity 20ರ ಆಸುಪಾಸಿಗೆ ಇಳಿಸುವುದು ಮೇಲು.

ರಾತ್ರಿಯ ಆಟದಲ್ಲಿ ತೆಗೆದ ಫೋಟೊ ಇನ್ನಷ್ಟು ಸತಾಯಿಸುತ್ತದೆ. ಕತ್ತಲಲ್ಲಿ 20ರ ಚುಕ್ಕಿಗೂ 30ರ ಚುಕ್ಕಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣದು. ಭಾಗಿಸಿದಾಗ ಅದೇ 170 ಆಗಿ, ಹಿನ್ನೆಲೆ ತುಂಬ ರವೆ ಚೆಲ್ಲಿದಂತಾಗುತ್ತದೆ. ಪ್ರತಿ ತೆಗೆಯುವ ಮೊದಲೇ ಮೂಲಕ್ಕೆ 1 ಪಿಕ್ಸೆಲ್ ಬ್ಲರ್ ಕೊಟ್ಟರೆ ಇದು ಬಹುಪಾಲು ಇಳಿಯುತ್ತದೆ. ಗೆರೆ ಆಗಲೂ ಪೇಲವವೆನಿಸಿದರೆ ಎಲ್ಲ ಲೇಯರ್ ಒಂದುಗೂಡಿಸಿ, Levels ತೆರೆದು ಎಡಗಡೆಯ ಕಪ್ಪು ತ್ರಿಕೋನವನ್ನು ಬಲಕ್ಕೆ ಸರಿಸಿ. ಬ್ಲರಿಗೆ ಕೈ ಹಾಕಬೇಡಿ.